ಜೈಲಿನ ಊಟದಿಂದ ಬಳ್ಳಾರಿ ಅದಿರಿನವರೆಗೆ: ತಲಾ ಆದಾಯ ಲೆಕ್ಕಕ್ಕೆ ಹಿಡಿಯದ ಸಂಗತಿಗಳು

ಭಾರತೀಯರ ತಲಾ ಆದಾಯ ಎಷ್ಟು ಅಂತ ಮೊದಲು ಲೆಕ್ಕ ಹಾಕಿದವರು ದಾದಾಭಾಯಿ ನವರೋಜಿ. 1867-68ರ ಸುಮಾರಿಗೆ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬರುತ್ತಿದ್ದದ್ದು 20 ರೂಪಾಯಿ ಎಂದು ಅವರು ಹೇಳಿದರು. ಲೆಕ್ಕ ಹಾಕಿದ ರೀತಿ ತೀರಾ ಸರಳ. ಪ್ರಾಂತ್ಯ ಪ್ರಾಂತ್ಯದಲ್ಲೂ ಎಷ್ಟು ಎಕರೆ ಬಿತ್ತನೆಯಾಯಿತು, ಎಕರೆಗೆ ಎಷ್ಟು ಬೆಳೆ ಬಂತು, ಅದರ ಬೆಲೆ ಎಷ್ಟು ಎಂದು ಸರ್ಕಾರಿ ವರದಿಗಳಿಂದಲೇ ಹೆಕ್ಕಿದರು. ಅದಕ್ಕೆ ಉಪ್ಪು, ಅಫೀಮು, ಕಲ್ಲಿದ್ದಲು ಇತ್ಯಾದಿಗಳನ್ನು ಸೇರಿಸಿದರು. ಒಟ್ಟು 34 ಕೋಟಿ ಪೌಂಡ್ ಆಯಿತು. ಅದನ್ನು 17 ಕೋಟಿ ಜನರಿಗೆ ಭಾಗಿಸಿದರು. ತಲೆಗೆ ಎರಡು ಪೌಂಡ್, ಅಂದರೆ ಆಗಿನ 20 ರೂಪಾಯಿ.

ಇಷ್ಟು ಎಲ್ಲರಿಗೂ ಗೊತ್ತಿರುವ ಕತೆ. ಇದರ ಮುಂದಿನ ಹೆಜ್ಜೆಯನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಬರೀ 20 ರೂಪಾಯಿ ಎಂದರೆ ಅದು ಜಾಸ್ತಿಯೋ ಕಡಿಮೆಯೋ ಹೇಗೆ ತಿಳಿಯಬೇಕು? ಅದಕ್ಕೆ ನವರೋಜಿ ಜೈಲುಗಳ ಖರ್ಚಿನ ಲೆಕ್ಕ ತೆಗೆದರು. ಒಬ್ಬ ಕೈದಿಯ ಊಟ ಬಟ್ಟೆಗೆ ಸರ್ಕಾರ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂದು ನೋಡಿದರು. ತಪ್ಪು ಮಾಡದೆ ಹೊರಗಿರುವ ಸಾಮಾನ್ಯ ಮನುಷ್ಯನ ಸರಾಸರಿ ಆದಾಯದಲ್ಲಿ ಕೈದಿಗೆ ಸಿಗುವಷ್ಟು ಊಟ ಬಟ್ಟೆಯೂ ಹುಟ್ಟುವುದಿಲ್ಲ ಎಂದು ತೋರಿಸಿದರು. ಅಂದರೆ ನಮ್ಮಲ್ಲಿ ತಲಾ ಆದಾಯ ಹುಟ್ಟಿದ ದಿನವೇ ಅದರ ಪಕ್ಕದಲ್ಲಿ ಬದುಕಿನ ಒಂದು ಅಳತೆಗೋಲೂ ಇತ್ತು. ಆಮೇಲೆ ಆ ಅಳತೆಗೋಲು ಎಲ್ಲೋ ಕಳೆದುಹೋಯಿತು. ಅಂಕಿಯೊಂದೇ ಉಳಿಯಿತು.

ಕಳೆದದ್ದು ಎಲ್ಲಿ ಎಂದು ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕು. 1929ರ ನಂತರ ಅಲ್ಲಿ ಮಹಾ ಕುಸಿತ. ಕಾರ್ಖಾನೆಗಳು ಮುಚ್ಚುತ್ತಿದ್ದವು. ಆದರೆ ಒಟ್ಟಾರೆ ಎಷ್ಟು ಹಾಳಾಗಿದೆ ಎಂದು ಹೇಳುವ ಒಂದು ಅಂಕಿ ಸರ್ಕಾರದ ಬಳಿ ಇರಲಿಲ್ಲ. ಸೆನೆಟ್ ಕೇಳಿದ್ದಕ್ಕೆ ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1934ರಲ್ಲಿ ವರದಿ ಕೊಟ್ಟರು. ಮೂರು ವರ್ಷದಲ್ಲಿ ರಾಷ್ಟ್ರೀಯ ಆದಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅದೇ ವರದಿಯಲ್ಲಿ ಕುಜ್ನೆಟ್ಸ್ ಇನ್ನೊಂದು ಮಾತನ್ನೂ ಬರೆದಿದ್ದರು: ರಾಷ್ಟ್ರೀಯ ಆದಾಯದ ಅಳತೆಯಿಂದ ಒಂದು ದೇಶದ ಜನರ ಕ್ಷೇಮವನ್ನು ಊಹಿಸುವುದು ಕಷ್ಟ. ಆದಾಯ ಯಾರ ಕೈಗೆ ಎಷ್ಟು ಹೋಯಿತು, ಅದನ್ನು ಗಳಿಸಲು ಜನ ಎಷ್ಟು ಸವೆದರು ಎಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ ಎಂಬುದು ಅವರ ವಾದ. ಮನೆಗೆಲಸವನ್ನು ಹೊರಗಿಟ್ಟಿದ್ದನ್ನೂ ಅವರು ಮುಚ್ಚಿಡಲಿಲ್ಲ. ಶಸ್ತ್ರಾಸ್ತ್ರದಂಥ ಖರ್ಚನ್ನು ಜನರ ಆದಾಯ ಎಂದು ಎಣಿಸುವುದಂತೂ ಅವರಿಗೆ ಒಪ್ಪಿಗೆ ಇರಲಿಲ್ಲ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಯುದ್ಧ ನಡೆಸುವವರಿಗೆ ಬೇಕಾದದ್ದು ಬೇರೆ ಪ್ರಶ್ನೆಗೆ ಉತ್ತರ: ದೇಶ ಒಟ್ಟು ಎಷ್ಟು ಉತ್ಪಾದಿಸಬಲ್ಲದು, ಅದರಲ್ಲಿ ಎಷ್ಟನ್ನು ಟ್ಯಾಂಕು, ವಿಮಾನಕ್ಕೆ ತಿರುಗಿಸಬಹುದು? ಬ್ರಿಟನ್ನಿನಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಇದೇ ದಾರಿಯಲ್ಲಿ ಲೆಕ್ಕ ಹಾಕುತ್ತಿದ್ದರು. ಸರ್ಕಾರ ಮದ್ದುಗುಂಡಿಗೆ ಹಾಕಿದ ದುಡ್ಡೂ ಉತ್ಪಾದನೆಯೇ ಎಂಬ ಪದ್ಧತಿ ಗೆದ್ದಿತು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ 1953ರಲ್ಲಿ ಎಲ್ಲಾ ದೇಶಗಳಿಗೂ ಇಂಥದ್ದೇ ಲೆಕ್ಕದ ಚೌಕಟ್ಟು ಕೊಟ್ಟಿತು. ಇವತ್ತಿನ ಜಿಡಿಪಿ ಅದರ ವಂಶದ್ದು. ಹೊಸ ಸ್ವತಂತ್ರ ದೇಶಗಳೂ ಅದನ್ನೇ ತಮ್ಮ ಪ್ರಗತಿಯ ಪಟ್ಟಿಯಾಗಿ ಹಿಡಿದುಕೊಂಡವು. ನಮ್ಮಲ್ಲಿ ಕೇಂಬ್ರಿಡ್ಜಿನಲ್ಲಿ ಓದಿ, ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಶಿಸ್ತಾಗಿ ಲೆಕ್ಕ ಹಾಕಿದವರು ವಿ.ಕೆ.ಆರ್.ವಿ. ರಾವ್. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ, ಆರ್ಥಿಕ ಬದಲಾವಣೆಯ ಅಧ್ಯಯನಕ್ಕೆಂದೇ ಐಸೆಕ್ ಸಂಸ್ಥೆ ಕಟ್ಟಿದವರೂ ಅವರೇ.

ಈ ಲೆಕ್ಕದಲ್ಲಿ ಏನು ತಪ್ಪುತ್ತದೆ ಎಂಬುದನ್ನು ನೋಡಲು ಬಳ್ಳಾರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

2003ರ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆ ಸುತ್ತಮುತ್ತ ಲಾರಿಗಳ ಸಾಲು ನಿಲ್ಲಲೇ ಇಲ್ಲ. ರಸ್ತೆ ಬದಿಯ ಹೊಲಗಳ ಮೇಲೆ ಕೆಂಪು ಧೂಳು ಕೂತಿತು. ಈಗ ಲೆಕ್ಕ ಬರೆಯುವವರ ಕಡೆಯಿಂದ ನೋಡೋಣ. ಉದಾಹರಣೆಗೆ ಒಂದು ಟನ್ ಅದಿರು 3,000 ರೂಪಾಯಿಗೆ ಮಾರಾಟವಾಯಿತು ಎಂದುಕೊಳ್ಳಿ. ಡೀಸೆಲ್, ಸಿಡಿಮದ್ದು ಮುಂತಾಗಿ ಹೊರಗಿನಿಂದ ಕೊಂಡದ್ದು 500 ರೂಪಾಯಿ. ಉಳಿದ 2,500 ರೂಪಾಯಿ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತದೆ. ಇದರಲ್ಲಿ ಕೂಲಿ, ಯಂತ್ರದ ಸವಕಳಿ, ಮಾಲೀಕನ ಶ್ರಮಕ್ಕೆ ನ್ಯಾಯವಾದ ಲಾಭ ಎಲ್ಲಾ ಸೇರಿ 700 ರೂಪಾಯಿ ಎಂದಿಟ್ಟುಕೊಳ್ಳಿ. ಹಾಗಾದರೆ ಇನ್ನುಳಿದ 1,800 ರೂಪಾಯಿ ಏನು? ಅದು ಯಾರೂ ಹುಟ್ಟಿಸಿದ ಆದಾಯ ಅಲ್ಲ. ನೆಲದೊಳಗೆ ಮೊದಲೇ ಇದ್ದ ಅದಿರಿನ ಬೆಲೆ. ಮನೆಯ ಒಡವೆ ಮಾರಿ ಬಂದ ದುಡ್ಡನ್ನು ಸಂಬಳದ ಜೊತೆ ಸೇರಿಸಿ "ಈ ವರ್ಷ ಆದಾಯ ಜಾಸ್ತಿ" ಅಂದಂತೆ ಇದು. ಜಿಡಿಪಿಯಲ್ಲಿ ಆ 1,800 ಪೂರ್ತಿ ಆದಾಯವೇ. ಖಾಲಿಯಾದ ಗುಡ್ಡವನ್ನು ಯಾವ ಕಾಲಂನಲ್ಲೂ ಕಳೆಯುವುದಿಲ್ಲ.

ಆ ದುಡ್ಡು ಜಿಲ್ಲೆಯಲ್ಲಿ ಉಳಿಯಿತೇ ಎಂಬುದು ಮುಂದಿನ ಪ್ರಶ್ನೆ. ಜಿಲ್ಲೆಯ ಉತ್ಪನ್ನವನ್ನು ಎಣಿಸುವುದು ಅದು ಎಲ್ಲಿ ತಯಾರಾಯಿತು ಎಂಬುದರ ಮೇಲೆ. ಲಾಭ ಯಾವ ಊರಿನ ಬ್ಯಾಂಕಿಗೆ ಹೋಯಿತು ಎಂಬುದರ ಮೇಲೆ ಅಲ್ಲ. ಹಾಗಾಗಿ ಮಾಲೀಕರು ಎಲ್ಲೇ ಇರಲಿ, ಬಳ್ಳಾರಿಯ ತಲಾ ಲೆಕ್ಕ ಮೇಲೇರುತ್ತದೆ. ಸಾರ್ವಜನಿಕರ ಪಾಲೋ, ಕೇಳಲೇಬೇಡಿ. 2009ರ ಆಗಸ್ಟ್‌ವರೆಗೆ ಅದಿರಿನ ರಾಜಧನ ಟನ್‌ಗೆ 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಆಮೇಲಷ್ಟೇ ಅದು ಬೆಲೆಯ ಶೇ 10 ಆಯಿತು. ಇದೆಲ್ಲ ಸಕ್ರಮ ಗಣಿಗಾರಿಕೆಯ ಮಾತು. ಅಕ್ರಮದ್ದು ಬೇರೆಯೇ ಕತೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಹೆಚ್ಚು ಎಂದು ಅಂದಾಜಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಹಾಳಾದ ಗಣಿ ಪ್ರದೇಶ ಸರಿಪಡಿಸುವ ಕೆಲಸಕ್ಕೆ ಬೇರೆ ನಿಗಮವನ್ನೇ ಮಾಡಬೇಕಾಯಿತು. ತಮಾಷೆ ಎಂದರೆ, ಸರಿಪಡಿಸಲು ಮಾಡುವ ಖರ್ಚೂ ಜಿಡಿಪಿಗೆ ಕೂಡುತ್ತದೆ. ಕೆಡಿಸಿದಾಗಲೂ ಏರಿಕೆ, ರಿಪೇರಿ ಮಾಡಿದಾಗಲೂ ಏರಿಕೆ.

ಇಂಥ ಅಂಕಿಯ ಜೊತೆ ಇನ್ನೊಂದು ಅಂಕಿ ನಿಲ್ಲಿಸಲೇಬೇಕು ಎಂದು ಹಟ ಹಿಡಿದವರು ಪಾಕಿಸ್ತಾನದ ಮಹಬೂಬ್ ಉಲ್ ಹಕ್. ಅವರು ಹೊರಗೆ ನಿಂತು ಟೀಕೆ ಮಾಡಿದವರಲ್ಲ. 1960ರ ದಶಕದಲ್ಲಿ ಅಲ್ಲಿನ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರಾಗಿ ಬೆಳವಣಿಗೆ ದರವನ್ನು ಓಡಿಸಿದವರೇ ಅವರು. ದರ ಚೆನ್ನಾಗಿಯೇ ಇತ್ತು. ಆದರೆ 1968ರಲ್ಲಿ ಅವರೇ ಎದ್ದುನಿಂತು, ದೇಶದ ಕೈಗಾರಿಕಾ ಆಸ್ತಿಯ ಮೂರರಲ್ಲಿ ಎರಡು ಪಾಲು 22 ಕುಟುಂಬಗಳ ಹಿಡಿತದಲ್ಲಿದೆ ಎಂದು ಹೇಳಿಬಿಟ್ಟರು. 1990ರಲ್ಲಿ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿ ತಂದಾಗ, ಕೇಂಬ್ರಿಡ್ಜಿನ ಗೆಳೆಯ ಅಮರ್ತ್ಯ ಸೇನ್ ಅವರನ್ನೂ ಜೊತೆಗೆ ಎಳೆದುಕೊಂಡರು. ಬದುಕನ್ನು ಒಂದೇ ಅಂಕಿಗೆ ಇಳಿಸುವುದು ತೀರಾ ಒರಟು ಕೆಲಸ ಎಂಬುದು ಸೇನ್ ಅವರ ತಕರಾರು. ಒರಟೇ ಇರಲಿ, ಜಿಡಿಪಿಯಷ್ಟೇ ಒರಟಾದ ಒಂದು ಅಂಕಿ ಇಲ್ಲದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಹಕ್ ಅವರ ಉತ್ತರ. ಹಕ್ ಹೇಳಿದ್ದೇ ಸರಿ ಅನ್ನಿಸುತ್ತದೆ ನನಗೆ. ನೂರು ಪುಟದ ಕೋಷ್ಟಕಗಳು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ, ಅಲ್ವಾ?

ಹೀಗೆ ಹುಟ್ಟಿದ ಮಾನವ ಅಭಿವೃದ್ಧಿ ಸೂಚ್ಯಂಕದ ಒಳಗೆ ಇರುವುದು ಮೂರೇ: ಆಯಸ್ಸು, ಓದು, ಆದಾಯ. ಒಂದೊಂದಕ್ಕೂ ಸೊನ್ನೆಯಿಂದ ಒಂದರ ನಡುವೆ ಅಂಕ. 2025ರ ವರದಿಯಲ್ಲಿ ಭಾರತದ್ದನ್ನೇ ಬಿಡಿಸಿ ನೋಡೋಣ. ಆಯಸ್ಸು 72 ವರ್ಷ. 20 ವರ್ಷವನ್ನು ಸೊನ್ನೆ, 85ನ್ನು ಒಂದು ಎಂದು ಹಿಡಿದರೆ ಅಂಕ 0.80. ಓದಿನಲ್ಲಿ ಎರಡು ಭಾಗ. ಈಗ ಶಾಲೆಗೆ ಸೇರುವ ಮಗು ಒಟ್ಟು 13 ವರ್ಷ ಓದಬಹುದು ಎಂಬ ನಿರೀಕ್ಷೆ, ವಯಸ್ಕರು ಸರಾಸರಿ ಓದಿರುವ ಸುಮಾರು 6.9 ವರ್ಷ. ಎರಡರ ಸರಾಸರಿ ಅಂಕ 0.59. ಆದಾಯ ಕೊಳ್ಳುವ ಶಕ್ತಿಯ ಡಾಲರ್ ಲೆಕ್ಕದಲ್ಲಿ ತಲೆಗೆ ಸುಮಾರು 9,000. ಅದಕ್ಕೆ ಅಂಕ 0.68. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 0.685. ಸ್ಥಾನ 193 ದೇಶಗಳಲ್ಲಿ 130.

ಇಲ್ಲಿ ಆದಾಯವನ್ನು ನೇರವಾಗಿ ಎಣಿಸುವುದಿಲ್ಲ, ಲಾಗರಿದಮ್ ತೆಗೆದು ಎಣಿಸುತ್ತಾರೆ. ಸಾವಿರ ಡಾಲರ್ ಬಡವನಿಗೆ ತರುವ ಬದಲಾವಣೆ ದೊಡ್ಡದು, ಸಾಹುಕಾರನಿಗೆ ಸಣ್ಣದು ಎಂಬ ತಿಳಿವಳಿಕೆ ಅದರ ಹಿಂದಿದೆ. ಇದರ ಪರಿಣಾಮ ಏನು ನೋಡಿ. ಬೇರೆ ಏನೂ ಬದಲಾಗದೆ ಇಡೀ ದೇಶದ ತಲಾ ಆದಾಯ ಎರಡು ಪಟ್ಟಾದರೆ ಸೂಚ್ಯಂಕ ಸುಮಾರು 0.718ಕ್ಕೆ ಏರುತ್ತದೆ. ಆದಾಯ ಒಂದು ಪೈಸೆ ಹೆಚ್ಚದೆ ವಯಸ್ಕರ ಸರಾಸರಿ ಓದು ಎರಡೂಮುಕ್ಕಾಲು ವರ್ಷದಷ್ಟು ಹೆಚ್ಚಿದರೂ ಅಷ್ಟೇ ಏರುತ್ತದೆ. ಮೂರರ ತೂಕ ಎಷ್ಟಿರಬೇಕು ಎಂದು ಯಾರೋ ಕೂತು ತೀರ್ಮಾನಿಸಿದ್ದು ಇದು, ಪ್ರಕೃತಿ ನಿಯಮವೇನಲ್ಲ. ಆ ತಕರಾರು ಇಂದಿಗೂ ಇದೆ. 2010ಕ್ಕೆ ಮೊದಲು ಮೂರನ್ನೂ ಕೂಡಿ ಭಾಗಿಸುತ್ತಿದ್ದರು. ಆಗ ಓದಿನಲ್ಲಿ ಹಿಂದೆ ಬಿದ್ದರೂ ಆದಾಯದಿಂದ ಸರಿದೂಗಿಸಬಹುದಿತ್ತು. ಗುಣಿಸುವ ಪದ್ಧತಿ ಬಂದ ಮೇಲೆ ಅದು ಅಷ್ಟು ಸುಲಭವಲ್ಲ.

ಕರ್ನಾಟಕ ಇದನ್ನು ಬೇಗನೇ ಕೈಗೆತ್ತಿಕೊಂಡಿತು. ರಾಜ್ಯದ ಮೊದಲ ಮಾನವ ಅಭಿವೃದ್ಧಿ ವರದಿ ಬಂದದ್ದು 1999ರಲ್ಲಿ. 2005ರ ಎರಡನೇ ವರದಿಯಲ್ಲಿ 2001ರ ಸೂಚ್ಯಂಕ ಬೆಂಗಳೂರು ನಗರ ಜಿಲ್ಲೆಗೆ 0.753, ರಾಯಚೂರಿಗೆ 0.547. ರಾಜ್ಯದ ಸರಾಸರಿ 0.650 ಈ ಎರಡನ್ನೂ ಮುಚ್ಚಿಹಾಕುತ್ತಿತ್ತು. ಸರಾಸರಿಯ ಈ ಚಾಳಿ ಸೂಚ್ಯಂಕಕ್ಕೂ ಅಂಟಿದೆ. ಅಸಮಾನತೆಯನ್ನು ಕಳೆದು ಲೆಕ್ಕ ಹಾಕಿದರೆ ಭಾರತದ 0.685 ಸುಮಾರು ಶೇ 30ರಷ್ಟು ಕರಗಿ ಹೋಗುತ್ತದೆ.

ಸೂಚ್ಯಂಕವೂ ಹಿಡಿಯದ ಸಂಗತಿಗಳಿವೆ. ಕರ್ನಾಟಕದ ತಲಾ ಆದಾಯ ದೇಶದ ಸರಾಸರಿಯ ಒಂದೂವರೆ ಪಟ್ಟಿಗೂ ಜಾಸ್ತಿ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಐದು ವರ್ಷದೊಳಗಿನ ಮಕ್ಕಳು ದೇಶದಲ್ಲಿ ಶೇ 35.5, ಕರ್ನಾಟಕದಲ್ಲಿ ಶೇ 35.4. ಅಷ್ಟು ಹೆಚ್ಚಿನ ಆದಾಯಕ್ಕೆ ಮಕ್ಕಳ ಬೆಳವಣಿಗೆಯಲ್ಲಿ ಸಿಕ್ಕ ಫಲ ಹೆಚ್ಚುಕಡಿಮೆ ಸೊನ್ನೆ. ಕೈದಿಯ ತಟ್ಟೆಯ ಲೆಕ್ಕ ಕೇಳಿದ ನವರೋಜಿ ಇವತ್ತು ಇದ್ದಿದ್ದರೆ ಸೂಚ್ಯಂಕಕ್ಕಿಂತ ಮೊದಲು ಈ ಕೋಷ್ಟಕವನ್ನೇ ತೆಗೆಯುತ್ತಿದ್ದರೇನೋ. ಹಾಗೆಯೇ ಮನೆಗೆಲಸ: 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 88. ಆ ನಿಮಿಷಗಳಿಗೆ ಜಿಡಿಪಿಯಲ್ಲೂ ಜಾಗವಿಲ್ಲ, ಸೂಚ್ಯಂಕದಲ್ಲೂ ಇಲ್ಲ.

ಅದಿರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಬಂದಿದೆ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ ಒಪ್ಪಿದ ಹೊಸ ಲೆಕ್ಕ ಪದ್ಧತಿಯಲ್ಲಿ, ಖಾಲಿಯಾದ ನೈಸರ್ಗಿಕ ಸಂಪತ್ತನ್ನು ಉತ್ಪಾದನೆಯ ಖರ್ಚು ಎಂದೇ ಬರೆಯಬೇಕು. ಯಂತ್ರದ ಸವಕಳಿ ಕಳೆದಂತೆ ಗುಡ್ಡದ ಸವಕಳಿಯನ್ನೂ ಕಳೆಯಬೇಕು. ನಮ್ಮ ಉದಾಹರಣೆಯ ಆ 1,800 ರೂಪಾಯಿಯಲ್ಲಿ ಗುಡ್ಡದ ಸವಕಳಿ ಎಂದು ಲೆಕ್ಕಕ್ಕೆ ಬರುವ ಪಾಲು ಆಗ ಆದಾಯದ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಆದರೆ ಇದು ಸವಕಳಿ ಕಳೆದು ಉಳಿಯುವ ನಿವ್ವಳ ಉತ್ಪನ್ನಕ್ಕೆ ಮಾತ್ರ. ಮೂರು ತಿಂಗಳಿಗೊಮ್ಮೆ ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಒಟ್ಟು ಉತ್ಪನ್ನ, ಅಂದರೆ ಜಿಡಿಪಿ. ಅದರಲ್ಲಿ ಕಳೆಯುವ ಕಾಲಂ ಈಗಲೂ ಇಲ್ಲ.