ಎನರ್ಜಿ ಡ್ರಿಂಕ್: ಲೇಬಲ್ ಹಿಡಿದು ಒಂದು ಲೆಕ್ಕ

ಬಾಟಲಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಅಂಕಿಗಳು ಸಾಮಾನ್ಯವಾಗಿ 100 ಮಿ.ಲೀ.ಗೆ ಕೊಟ್ಟವು. ನಾವು ಕುಡಿಯುವುದು ಇಡೀ ಬಾಟಲಿ. ಹಾಗಾಗಿ 250 ಮಿ.ಲೀ. ಬಾಟಲಿಯಾದರೆ ಮೊದಲು ಎಲ್ಲವನ್ನೂ ಎರಡೂವರೆಯಿಂದ ಗುಣಿಸಿಕೊಳ್ಳಿ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಎನರ್ಜಿ ಡ್ರಿಂಕ್‌ನ ಒಂದು ಲೀಟರ್‌ನಲ್ಲಿ 300 ಮಿ.ಗ್ರಾಂ.ಗಿಂತ ಹೆಚ್ಚು ಕೆಫೀನ್ ಇರುವಂತಿಲ್ಲ. 100 ಮಿ.ಲೀ.ಗೆ 29 ಮಿ.ಗ್ರಾಂ. ಎಂದು ಬರೆದ ಬಾಟಲಿ ಇದೆ ಎಂದುಕೊಳ್ಳೋಣ. 250 ಮಿ.ಲೀ.ಗೆ ಸುಮಾರು 72 ಮಿ.ಗ್ರಾಂ. ಆಯಿತು. ಅಷ್ಟೇ ಕೋಲಾದಲ್ಲಿ ಇರುವುದು ಸುಮಾರು 25.

ಈಗ ಇದು ಯಾರಿಗೆ ಎಷ್ಟು ಎಂದು ನೋಡಬೇಕು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಇಟ್ಟ ಅಳತೆ, ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 3 ಮಿ.ಗ್ರಾಂ. 45 ಕೆ.ಜಿ. ತೂಗುವ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗೆ 135. ಒಂದು ಬಾಟಲಿಗೇ ಅರ್ಧಕ್ಕಿಂತ ಹೆಚ್ಚು ಮುಗಿಯಿತು, ಎರಡಾದರೆ ಮಿತಿ ದಾಟಿತು. ಬೆಳಗಿನ ಕಾಫಿ, ಸಂಜೆಯ ಚಹಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇದು ಅಷ್ಟು ಕುಡಿಯಬಹುದು ಎಂಬ ಸಲಹೆಯೂ ಅಲ್ಲ. ಲೇಬಲ್ ಮೇಲೆಯೇ ಮಕ್ಕಳಿಗೆ ಸೂಕ್ತವಲ್ಲ ಎಂದು ಬರೆದಿರುತ್ತದೆ.

ಅದೇ ವಿದ್ಯಾರ್ಥಿ ಓದಲಿಕ್ಕೆಂದು ರಾತ್ರಿ 9ಕ್ಕೆ ಒಂದು ಬಾಟಲಿ ಕುಡಿದ ಎನ್ನಿ. ರಕ್ತದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಇದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಅಂದರೆ ರಾತ್ರಿ 2 ಗಂಟೆಗೂ 36 ಮಿ.ಗ್ರಾಂ. ಉಳಿದಿದೆ. ಆಗ ತಾನೇ ಒಂದು ಕ್ಯಾನ್ ಕೋಲಾ ಕುಡಿದು ಮಲಗಿದಷ್ಟು! ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ, ಅದರಿಂದಲೇ ನಿದ್ದೆ ಎಳೆಯುವುದು. ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆಯೇ ಹೊರತು ದಣಿವನ್ನು ಕಳೆಯುವುದಿಲ್ಲ. ನಿದ್ದೆ ತಡವಾಗುತ್ತದೆ, ಗಾಢ ನಿದ್ದೆ ಕಡಿಮೆಯಾಗುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ ಆದ್ದರಿಂದ ನಷ್ಟ ನೇರವಾಗಿ ಉತ್ತರ ಪತ್ರಿಕೆಗೆ. ಮರುದಿನ ತೂಕಡಿಕೆ ಬಂತೆಂದು ಮತ್ತೊಂದು ಬಾಟಲಿ ತೆರೆಯುವುದು ಇಲ್ಲಿಂದಲೇ ಶುರು.

ಕೈ ನಡುಗುವುದು, ಎದೆ ಡವಡವ ಎನ್ನುವುದು, ಸುಮ್ಮಸುಮ್ಮನೆ ಕಳವಳ ಇವು ಕೆಫೀನ್ ಹೆಚ್ಚಾದ ಗುರುತು. ಎದೆನೋವು ಅಥವಾ ಕಣ್ಣು ಕತ್ತಲೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆಯ ವಿಷಯದಲ್ಲಿ ಕೋಲಾ ಹಲವು ಎನರ್ಜಿ ಡ್ರಿಂಕ್‌ಗಳಿಗಿಂತ ಕಡಿಮೆಯೇನಲ್ಲ. 100 ಮಿ.ಲೀ.ಗೆ 10.6 ಗ್ರಾಂ ಎಂದಿದ್ದರೆ 250 ಮಿ.ಲೀ.ಗೆ 26 ಗ್ರಾಂ ದಾಟುತ್ತದೆ, ಐದಾರು ಟೀ ಚಮಚ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಲೆಕ್ಕ ಸಿಗುತ್ತದೆ. ಇಷ್ಟು ಸಕ್ಕರೆ ಕುಡಿದರೂ ಹೊಟ್ಟೆ ತುಂಬುವುದಿಲ್ಲ, ಊಟ ಎಂದಿನಷ್ಟೇ ಸೇರುತ್ತದೆ. ತೂಕ ಏರುವುದು ಹಾಗೆ. ಪಾನೀಯದ ಆಮ್ಲ ಹಲ್ಲಿನ ಎನಾಮಲ್ ಸವೆಸುತ್ತದೆ.

‘ಶುಗರ್ ಫ್ರೀ’ ಬಾಟಲಿಯಲ್ಲಿ ಸಕ್ಕರೆ ಇಲ್ಲದಿದ್ದರೂ ಕೆಫೀನ್ ಇದ್ದೇ ಇರುತ್ತದೆ. ರಾತ್ರಿ 9ರ ಲೆಕ್ಕ ಅದಕ್ಕೂ ಅನ್ವಯ.