ಮೊದಲು ದೊಡ್ಡದು ಮಾಡಬೇಕೇ, ಮೊದಲು ಕತ್ತರಿಸಬೇಕೇ?

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಚಿಕ್ಕ ಫೋಟೋ ಒಂದಿದೆ. ಅದರಲ್ಲಿರುವ ವ್ಯಕ್ತಿಯನ್ನು ಹಿನ್ನೆಲೆಯಿಂದ ಬಿಡಿಸಿ, ಬೇರೆ ಹಿನ್ನೆಲೆಗೆ ಕೂರಿಸಿ, ಫ್ರೇಮ್ ಹಾಕಿಸುವಷ್ಟು ದೊಡ್ಡದಾಗಿ ಪ್ರಿಂಟ್ ತೆಗೆಸಬೇಕು. ಫೋಟೋವನ್ನು ಮೊದಲು ದೊಡ್ಡದು ಮಾಡಿ ನಂತರ ಕತ್ತರಿಸುವುದು ಸರಿಯೋ, ಕತ್ತರಿಸಿದ ಮೇಲೆ ದೊಡ್ಡದು ಮಾಡುವುದು ಸರಿಯೋ?

ಉತ್ತರ: ಮೊದಲು ದೊಡ್ಡದು ಮಾಡಿ, ನಂತರ ಕತ್ತರಿಸಿ. ಈ ಪ್ರಶ್ನೆಗೆ ಹಿಂದೆಯೂ ಇದೇ ಉತ್ತರ ಕೊಟ್ಟಿದ್ದೇನೆ. ಪ್ರತಿಸಲವೂ ಅದರ ಬೆನ್ನಿಗೇ ‘ಆದರೆ ನಮಗೆ ಕಲಿಸಿದವರು ಉಲ್ಟಾ ಹೇಳಿದ್ದರಲ್ಲ’ ಎಂಬ ಆಕ್ಷೇಪವೂ ಬಂದಿದೆ. ಆದ್ದರಿಂದ ಈ ಬಾರಿ ಉತ್ತರಕ್ಕಿಂತ ಆ ಆಕ್ಷೇಪಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಆಕ್ಷೇಪದ ತಿರುಳು ಹೀಗಿದೆ: ಹಿನ್ನೆಲೆ ಇರುವಾಗಲೇ ಫೋಟೋ ದೊಡ್ಡದು ಮಾಡಿದರೆ ಹಿನ್ನೆಲೆಯ ಬಣ್ಣ ವ್ಯಕ್ತಿಯ ಅಂಚಿಗೆ ಬೆರೆತುಹೋಗುತ್ತದೆ, ಮೊದಲೇ ಕತ್ತರಿಸಿಬಿಟ್ಟರೆ ಬೆರೆಯಲು ಹಿನ್ನೆಲೆಯೇ ಇರುವುದಿಲ್ಲ, ಹಾಗಾಗಿ ಅಂಚು ಶುದ್ಧವಾಗಿ ಉಳಿಯುತ್ತದೆ. ಕೇಳುವುದಕ್ಕೆ ತರ್ಕಬದ್ಧವಾಗಿರುವುದರಿಂದಲೇ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿದೆ. ಅದರಲ್ಲಿರುವ ತಪ್ಪು ಒಂದೇ: ಬಣ್ಣ ಬೆರೆಯುವ ಕೆಲಸ ನೀವು ಫೋಟೋ ತೆರೆಯುವುದಕ್ಕೆ ಮೊದಲೇ ಮುಗಿದಿರುತ್ತದೆ. ಹಾಲಿಗೆ ನೀರು ಬೆರೆತಾದ ಮೇಲೆ ಪಾತ್ರೆಯನ್ನು ಬಾವಿಯಿಂದ ದೂರ ಇಟ್ಟರೆ ಆಗುವ ಲಾಭವಷ್ಟೇ ಇಲ್ಲಿಯೂ ಆಗುವುದು.

ಅದು ಎಲ್ಲಿ ಬೆರೆಯುತ್ತದೆ ಎಂದರೆ, ಮೊದಲನೆಯದಾಗಿ ಕ್ಯಾಮೆರಾದಲ್ಲೇ. ಅಂಗಿಯ ಅಂಚು ಪಿಕ್ಸೆಲ್‌ಗಳ ಗಡಿಗೆ ಸರಿಯಾಗಿ ಹೊಂದಿಕೊಂಡು ಬರುವುದಿಲ್ಲ; ಒಂದು ಪಿಕ್ಸೆಲ್‌ನ ಅರ್ಧಭಾಗ ಅಂಗಿ, ಉಳಿದರ್ಧ ಗೋಡೆ ಆಗಿದ್ದರೆ ಆ ಪಿಕ್ಸೆಲ್ ಎರಡರ ನಡುವಿನ ಬಣ್ಣವನ್ನೇ ಪಡೆಯುತ್ತದೆ. ಎರಡನೆಯದಾಗಿ ಜೆಪಿಇಜಿ ಕಡತದಲ್ಲಿ. ಕಡತದ ಗಾತ್ರ ತಗ್ಗಿಸಲು ಜೆಪಿಇಜಿ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿಯಾಗಿ ಇಟ್ಟುಕೊಂಡು, ಬಣ್ಣದ ವಿವರವನ್ನು ಮಾತ್ರ ಅಗಲ ಮತ್ತು ಎತ್ತರ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತದೆ. ಅಂದರೆ ನಾಲ್ಕು ಪಿಕ್ಸೆಲ್‌ಗಳು ಒಂದೇ ಬಣ್ಣವನ್ನು ಹಂಚಿಕೊಳ್ಳುತ್ತವೆ. ಹಸಿರು ಗೋಡೆಯ ಮುಂದೆ ನಿಂತವರ ಬಿಳಿ ಅಂಗಿಯ ಅಂಚಿನಲ್ಲಿ ನಸುಹಸಿರು ಕಾಣುವುದಕ್ಕೆ ನಿಮ್ಮ ಕೈ ಅಳುಕಿದ್ದಷ್ಟೇ ಕಾರಣವಲ್ಲ, ಇದೂ ಕಾರಣ. ಫೋಟೋ ಮೊಬೈಲಿನಿಂದ ಮೊಬೈಲಿಗೆ ದಾಟಿ, ಪ್ರತಿಸಲವೂ ಮತ್ತೆ ಹಿಂಡಿಸಿಕೊಂಡು ಬಂದಿದ್ದರೆ ಈ ಕಲಬೆರಕೆ ಇನ್ನಷ್ಟು ಹೆಚ್ಚಿರುತ್ತದೆ.

ಹಾಗಿದ್ದರೆ ಪ್ರಶ್ನೆ ಉಳಿಯುವುದು ಇಷ್ಟೇ: ಈಗಾಗಲೇ ಕೊಳೆಯಾಗಿರುವ ಆ ಅಂಚಿನ ಪಟ್ಟಿಯನ್ನು ಯಾವ ಗಾತ್ರದಲ್ಲಿ ನಿಂತು ಕತ್ತರಿಸಿದರೆ ಹೆಚ್ಚು ನಾಜೂಕಾಗಿ ಹೊರಗೆ ಹಾಕಬಹುದು? ಇದನ್ನು ಲೆಕ್ಕ ಹಾಕಿಯೇ ನೋಡೋಣ.

ಫೋಟೋ 600 × 800 ಪಿಕ್ಸೆಲ್ ಇದೆ ಎಂದಿಟ್ಟುಕೊಳ್ಳಿ. ಕಡುಹಸಿರು ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರಿದ್ದಾರೆ, ಅವರನ್ನು ತಿಳಿನೀಲಿ ಹಿನ್ನೆಲೆಗೆ ಕೂರಿಸಿ 8 × 10 ಇಂಚಿನ ಪ್ರಿಂಟ್ ತೆಗೆಯಬೇಕು. ಇಂಚಿಗೆ 300 ಪಿಕ್ಸೆಲ್‌ನಂತೆ 8 ಇಂಚಿಗೆ 2400 ಪಿಕ್ಸೆಲ್ ಬೇಕು; ಅಂದರೆ ನಾಲ್ಕು ಪಟ್ಟು. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 255 ಎಂಬ ಅಳತೆಯಲ್ಲಿ ಭುಜದ ಬಳಿ ಅಂಗಿಯ ಹೊಳಪು 240, ಗೋಡೆಯದು 80, ನಡುವಿನ ಒಂದು ಪಿಕ್ಸೆಲ್ 160 ಇರಲಿ.

ಮೊದಲು ಕತ್ತರಿಸುವವರ ದಾರಿಯಲ್ಲಿ ಹೋಗೋಣ. ಮೃದು ಅಂಚಿನ ಆಯ್ಕೆ ಮಾಡಿದರೆ ನಡುವಿನ ಆ ಪಿಕ್ಸೆಲ್ ಅರ್ಧ ಪಾರದರ್ಶಕವಾಗುತ್ತದೆ, ಆದರೆ ಅದರ ಬಣ್ಣ 160 ಆಗಿಯೇ ಉಳಿಯುತ್ತದೆ. ಹೊಸ ಹಿನ್ನೆಲೆಯ ಹೊಳಪು 220 ಎಂದುಕೊಂಡರೆ, ಅರ್ಧ 160 ಮತ್ತು ಅರ್ಧ 220 ಸೇರಿ ಆ ಜಾಗದಲ್ಲಿ 190 ಕಾಣುತ್ತದೆ. ಇದು ಅಂಗಿಗಿಂತಲೂ ಕಪ್ಪು, ಹೊಸ ಹಿನ್ನೆಲೆಗಿಂತಲೂ ಕಪ್ಪು. ಎರಡು ತಿಳಿಬಣ್ಣಗಳ ನಡುವೆ ಹೀಗೆ ಒಂದು ಮಾಸಲು ಗೆರೆ ಹುಟ್ಟಿಕೊಂಡಿತು. ಈಗ ಇದನ್ನು ನಾಲ್ಕು ಪಟ್ಟು ಹಿಗ್ಗಿಸಿ. ಪೂರ್ತಿ ಅಂಗಿಯಿಂದ ಪೂರ್ತಿ ಗೋಡೆಯವರೆಗಿನ ಎರಡು ಪಿಕ್ಸೆಲ್‌ಗಳ ಇಳಿಜಾರು ಎಂಟು ಪಿಕ್ಸೆಲ್ ಆಗುತ್ತದೆ, ಪಾರದರ್ಶಕತೆಯೂ ಬಣ್ಣವೂ ಒಟ್ಟಿಗೆ ಹಿಗ್ಗುತ್ತವೆ. ಪ್ರಿಂಟಿನಲ್ಲಿ ಅದು ಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ ಅಗಲದ ಪಟ್ಟಿ. ಕೈಯಲ್ಲಿ ಹಿಡಿದು ನೋಡುವ ಫೋಟೋದಲ್ಲಿ ಭುಜದ ಸುತ್ತ ಅದು ಹೊಗೆಯಂತೆ ಕಾಣದೇ ಇರುವುದಿಲ್ಲ. ಮೃದು ಅಂಚು ಬೇಡವೆಂದು ಗಡುಸಾಗಿ ಕತ್ತರಿಸಿದ್ದರೆ ಹೊಗೆಯ ಬದಲು ಮೆಟ್ಟಿಲುಗಳು ಸಿಗುತ್ತವೆ: ಒಂದೊಂದು ಪಿಕ್ಸೆಲ್‌ನ ಮೆಟ್ಟಿಲು ನಾಲ್ಕು ಪಿಕ್ಸೆಲ್‌ನದಾಗಿ, ಹಿಗ್ಗಿಸುವ ಲೆಕ್ಕಾಚಾರದಲ್ಲಿ ಮೂಲೆಗಳು ದುಂಡಗಾಗಿ, ಭುಜದ ಗೆರೆ ಅಲೆಅಲೆಯಾಗಿ ಕುಣಿಯುತ್ತದೆ.

ಇನ್ನು ಮೊದಲು ಹಿಗ್ಗಿಸುವ ದಾರಿ. ಬಣ್ಣದ ಇಳಿಜಾರು ಇಲ್ಲಿಯೂ ಎಂಟು ಪಿಕ್ಸೆಲ್ ಆಗುತ್ತದೆ. ಅದರಲ್ಲಿ ನನಗೂ ಆಕ್ಷೇಪಿಸುವವರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಕತ್ತರಿಸುವ ಗೆರೆ ಆ ಎಂಟು ಪಿಕ್ಸೆಲ್‌ಗಳಲ್ಲಿ ಎಲ್ಲಿ ಹೋಗಬೇಕೆಂಬುದು ಈಗ ನಿಮ್ಮ ಕೈಯಲ್ಲಿದೆ. ಇಳಿಜಾರಿನ ನಡುವೆ ಗೆರೆ ಎಳೆದು, ಆಯ್ಕೆಯನ್ನು 3 ಪಿಕ್ಸೆಲ್ ಒಳಕ್ಕೆ ಸರಿಸಿದರೆ ಅಲ್ಲಿನ ಬಣ್ಣ ಸುಮಾರು 220. ಗೋಡೆಯ ಕಲಬೆರಕೆ ಎಂಟನೆಯ ಒಂದು ಪಾಲಿಗೆ ಇಳಿದಿರುತ್ತದೆ. ಅಂಗಿಯಿಂದ ಕಳೆದುಕೊಂಡದ್ದು ಕಾಲು ಮಿಲಿಮೀಟರು, ಅದನ್ನು ಮನೆಯವರೂ ಗುರುತಿಸಲಾರರು. ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಮಾಸ್ಕ್‌ನ ಅಂಚು ಎಂಟು ಪಿಕ್ಸೆಲ್ ಅಗಲವಾಗಿರಬೇಕಾದ ಅಗತ್ಯವೂ ಇಲ್ಲ, ಒಂದೆರಡು ಪಿಕ್ಸೆಲ್ ಸಾಕು. ಮೂಲ ಗಾತ್ರದಲ್ಲಿ ಇದೇ ಕೆಲಸ ಮಾಡಹೊರಟರೆ ಒಳಕ್ಕೆ ಸರಿಸಬಹುದಾದ ಅತಿ ಚಿಕ್ಕ ಹೆಜ್ಜೆಯೇ ಒಂದು ಪಿಕ್ಸೆಲ್, ಅಂದರೆ ಕೊನೆಯ ಗಾತ್ರದ ನಾಲ್ಕು. ಕಿವಿ, ಕನ್ನಡಕದ ಕಡ್ಡಿ, ಬೆರಳುಗಳ ನಡುವಿನ ಸಂದು ಇಂಥಲ್ಲಿ ಆ ಹೆಜ್ಜೆ ತೀರ ದೊಡ್ಡದು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಿಗ್ಗಿಸಿದ್ದರಿಂದ ಫೋಟೋಗೆ ಹೊಸ ವಿವರವೇನೂ ಬರುವುದಿಲ್ಲ. ಬರುವುದು ಕತ್ತರಿಯ ಗೆರೆಗೆ ಬೇಕಾದ ಸೂಕ್ಷ್ಮತೆ ಮಾತ್ರ. ಅಂಚಿನ ಗುಣಮಟ್ಟದ ಮಟ್ಟಿಗೆ ನಮಗೆ ಬೇಕಾಗಿರುವುದೂ ಅದೇ.

‘ಸ್ಕ್ರೀನಿನ ಮೇಲೆ 400 ಪರ್ಸೆಂಟ್ ಜೂಮ್ ಮಾಡಿ ಕತ್ತರಿಸಿದರೆ ಆಗದೇ?’ ಎಂಬುದು ಮುಂದಿನ ಪ್ರಶ್ನೆ. ಜೂಮ್ ಮಾಡಿದಾಗ ನಿಮ್ಮ ಕಣ್ಣಿಗೆ ಮಾತ್ರ ದೊಡ್ಡದಾಗುತ್ತದೆ. ಆಯ್ಕೆ ಮತ್ತು ಮಾಸ್ಕ್ ಮೂಲ ಪಿಕ್ಸೆಲ್‌ಗಳ ಲೆಕ್ಕದಲ್ಲೇ ಉಳಿಯುತ್ತವೆ. ಇದಕ್ಕೆ ಒಂದು ನಿಜವಾದ ವಿನಾಯಿತಿ ಇದೆ. ಪೆನ್ ಟೂಲ್‌ನಿಂದ ಎಳೆದ ಪಾತ್ ಪಿಕ್ಸೆಲ್‌ಗಳಿಗೆ ಅಂಟಿಕೊಂಡಿರುವುದಿಲ್ಲ, ಬಿಂದುಗಳ ಮತ್ತು ವಕ್ರರೇಖೆಗಳ ಲೆಕ್ಕದಲ್ಲಿರುತ್ತದೆ. ಚಿಕ್ಕ ಫೋಟೋದ ಮೇಲೆಯೇ ಪಾತ್ ಎಳೆದು, ಅದನ್ನು ಆಯ್ಕೆಯಾಗಿ ಬದಲಿಸುವ ಮೊದಲು ಇಡೀ ಚಿತ್ರವನ್ನು ಹಿಗ್ಗಿಸಿದರೆ ಪಾತ್ ಕೂಡ ನುಣುಪಾಗಿಯೇ ಹಿಗ್ಗುತ್ತದೆ. ‘ನಾನು ಮೊದಲೇ ಕತ್ತರಿಸುತ್ತೇನೆ, ನನಗೇನೂ ತೊಂದರೆಯಾಗಿಲ್ಲ’ ಎನ್ನುವ ಅನುಭವಿಗಳನ್ನು ವಿಚಾರಿಸಿ ನೋಡಿ. ಬಹುಪಾಲು ಅವರು ಪೆನ್ ಟೂಲ್ ಬಳಸುವವರೇ ಆಗಿರುತ್ತಾರೆ. ಅವರ ಅಭ್ಯಾಸವನ್ನು ಲ್ಯಾಸೋ, ಮ್ಯಾಜಿಕ್ ವಾಂಡ್ ಬಳಸುವವರು ಅನುಕರಿಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಕ್ರಮವನ್ನು ಗಿಂಪ್‌ನಲ್ಲಿ ಹೇಳುತ್ತೇನೆ, ಫೋಟೋಶಾಪ್ ಬಳಸುವವರಿಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. `Image > Scale Image` ತೆರೆದು ಅಗಲಕ್ಕೆ 2400 ಕೊಡಿ, `Interpolation` ಜಾಗದಲ್ಲಿ `Cubic` ಇರಲಿ. `None` ಇಟ್ಟರೆ ಮೆಟ್ಟಿಲುಗಳೇ ದೊಡ್ಡದಾಗುತ್ತವೆ. ಅಗಲ ಬದಲಿಸದೆ ರೆಸಲ್ಯೂಷನ್ ಜಾಗದಲ್ಲಿ 72 ಅಳಿಸಿ 300 ಬರೆಯುವುದರಿಂದ ಒಂದು ಪಿಕ್ಸೆಲ್ ಕೂಡ ಹೆಚ್ಚಾಗುವುದಿಲ್ಲ. ನಂತರ ಪಾತ್ ಎಳೆದು ಆಯ್ಕೆಯಾಗಿ ಬದಲಿಸಿ, `Select > Shrink` ನಲ್ಲಿ 3, `Select > Feather` ನಲ್ಲಿ 2 ಕೊಟ್ಟು, `Layer > Mask > Add Layer Mask` ಮೂಲಕ ಆಯ್ಕೆಯನ್ನು ಮಾಸ್ಕ್ ಮಾಡಿ. ಹಿನ್ನೆಲೆಯನ್ನು ಅಳಿಸಬೇಡಿ; ಮಾಸ್ಕ್ ಇದ್ದರೆ ನಾಳೆ ಕಿವಿಯ ಬಳಿ ಹೆಚ್ಚು ಕೊರೆದದ್ದು ಗೊತ್ತಾದಾಗ ಬಿಳಿ ಬ್ರಶ್ಶಿನಿಂದ ವಾಪಸು ತರಬಹುದು. ಶಾರ್ಪನ್ ಮಾಡುವುದು ಎಲ್ಲಕ್ಕಿಂತ ಕೊನೆಗೆ ಇರಲಿ. ಗೋಡೆ ಇರುವಾಗಲೇ ಶಾರ್ಪನ್ ಮಾಡಿದರೆ ಅಂಚಿನ ಒಳಬದಿಯಲ್ಲಿ ಒಂದು ಬೆಳ್ಳನೆಯ ಗೆರೆ ಹುಟ್ಟಿ, ಕತ್ತರಿಸಿದ ಮೇಲೂ ಅದು ಭುಜಕ್ಕೆ ಅಂಟಿಕೊಂಡೇ ಬರುತ್ತದೆ.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಕೆಳಗೆ ಎರಡು ತಾತ್ಕಾಲಿಕ ಲೇಯರ್ ಇಡಿ, ಒಂದು ಅಚ್ಚ ಬಿಳಿ, ಇನ್ನೊಂದು ಅಚ್ಚ ಕಪ್ಪು. ಹಳೆಯ ಹಿನ್ನೆಲೆ ಗಾಢವಾಗಿದ್ದರೆ ಅದರ ಉಳಿಕೆ ಬಿಳಿಯ ಮೇಲೆ ಎದ್ದು ಕಾಣುತ್ತದೆ, ತಿಳಿಯಾಗಿದ್ದರೆ ಕಪ್ಪಿನ ಮೇಲೆ.

ಕೂದಲಿಗೆ ಈ ಲೆಕ್ಕ ಪೂರ್ತಿ ಅನ್ವಯಿಸುವುದಿಲ್ಲ. 600 ಪಿಕ್ಸೆಲ್ ಫೋಟೋದಲ್ಲಿ ಒಂದೊಂದು ಕೂದಲೆಳೆ ಒಂದು ಪಿಕ್ಸೆಲ್‌ಗಿಂತ ತೆಳುವಾಗಿರುವುದರಿಂದ ಅಲ್ಲಿ ಬಿಡಿಸಿಕೊಳ್ಳಲು ಎಳೆಯೇ ಇರುವುದಿಲ್ಲ. ತಲೆಯ ಸುತ್ತ ಮಾತ್ರ ಆಯ್ಕೆಯನ್ನು ಹೆಚ್ಚು ಮೃದುವಾಗಿಟ್ಟು, ಬೇಕಿದ್ದರೆ ಕೂದಲಿನದೇ ಬಣ್ಣದ ಸಣ್ಣ ಬ್ರಶ್ಶಿನಲ್ಲಿ ನಾಲ್ಕಾರು ಎಳೆ ಬರೆಯುವುದೇ ಸ್ಟುಡಿಯೋಗಳಲ್ಲಿ ನಡೆದುಬಂದ ದಾರಿ.

ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಪ್ರಶ್ನೆ ಉಳಿದಿದೆ. ಇಷ್ಟೆಲ್ಲ ಮಾಡಿ ಅಂಚು ಚೊಕ್ಕಟವಾದ ಮೇಲೂ ವ್ಯಕ್ತಿ ಅಂಟಿಸಿದಂತೆ ಏಕೆ ಕಾಣುತ್ತಾರೆ? ನಾಲ್ಕು ಪಟ್ಟು ಹಿಗ್ಗಿದ ಮುಖ ಮಂಜಾಗಿದೆ. ಹಿಂದೆ ಇಟ್ಟಿರುವ ಹೂದೋಟದ ಚಿತ್ರವೋ ಬಾಗಿಲ ತೋರಣವೋ ಮಾತ್ರ ಎಲೆಎಲೆಯೂ ಎಣಿಸುವಷ್ಟು ಸ್ಪಷ್ಟವಾಗಿದೆ. ಕಣ್ಣು ಹಿಡಿಯುವುದು ಈ ವ್ಯತ್ಯಾಸವನ್ನು, ಬೈಸಿಕೊಳ್ಳುವುದು ಮಾತ್ರ ಅಂಚು. ಕಾಲರಿನ ಒಳಗೆರೆಯನ್ನೋ ಅಂಗಿಯ ಗುಂಡಿಯನ್ನೋ ನೋಡಿ. ಅದು ಎಷ್ಟು ಮೃದುವಾಗಿ ಹಿಗ್ಗಿದೆಯೋ ಮಾಸ್ಕ್‌ನ ಅಂಚೂ ಹೆಚ್ಚುಕಡಿಮೆ ಅಷ್ಟೇ ಮೃದುವಾಗಿರಬೇಕು. ಮೇಲೆ ಫೆದರ್ 2 ಎಂದದ್ದು ಈ ಕಾರಣಕ್ಕೆ. ಫೋಟೋ ತೀರ ಮಂಜಾಗಿದ್ದರೆ 3 ಕೂಡ ನಡೆದೀತು. ಹಿನ್ನೆಲೆಗೆ `Gaussian Blur` ಸ್ವಲ್ಪ ಕೊಡಿ. ಎರಡನ್ನೂ ಸೇರಿಸಿದ ಮೇಲೆ ಇಡೀ ಚಿತ್ರಕ್ಕೆ ಕಂಡೂ ಕಾಣದಷ್ಟು `RGB Noise` ಹಾಕಿದರೆ ಎರಡೂ ಒಂದೇ ಕ್ಯಾಮೆರಾದಿಂದ ಬಂದಂತೆ ತೋರುತ್ತವೆ.

ಈಗಾಗಲೇ ಚಿಕ್ಕ ಗಾತ್ರದಲ್ಲಿ ಕತ್ತರಿಸಿ ಹಿಗ್ಗಿಸಿಬಿಟ್ಟವರಿಗೂ ಸ್ವಲ್ಪ ದಾರಿ ಇದೆ, ಆದರೆ ಮಾಸ್ಕ್ ಉಳಿಸಿಕೊಂಡಿದ್ದರೆ ಮಾತ್ರ. ಮಾಸ್ಕ್ ಮೇಲೆ ಕ್ಲಿಕ್ ಮಾಡಿ `Colors > Levels` ತೆರೆದು, ಮೇಲಿನ ಎಡ ಮತ್ತು ಬಲ ತುದಿಗಳ ಗುರುತುಗಳನ್ನು ಒಂದರ ಹತ್ತಿರ ಇನ್ನೊಂದನ್ನು ತನ್ನಿ. ಎಂಟು ಪಿಕ್ಸೆಲ್ ಇಳಿಜಾರು ಎರಡಕ್ಕೆ ಕುಗ್ಗುತ್ತದೆ. ಎರಡನ್ನೂ ಬಲಕ್ಕೆ ವಾಲಿಸಿದರೆ ಗೆರೆ ಒಳಕ್ಕೂ ಸರಿದು ಮಾಸಲು ಪಟ್ಟಿ ಬಹುಪಾಲು ಮರೆಯಾಗುತ್ತದೆ. ಮೃದು ಅಂಚಿನಿಂದ ಕತ್ತರಿಸಿದ್ದವರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಡುಸಾಗಿ ಕತ್ತರಿಸಿ ಭುಜದಲ್ಲಿ ಅಲೆ ಎಬ್ಬಿಸಿಕೊಂಡವರು, ಹಿಂದಿನ ಪಿಕ್ಸೆಲ್‌ಗಳನ್ನೂ ಅಳಿಸಿದ್ದವರು, ಮೂಲ ಫೋಟೋ ತೆರೆದು ಮತ್ತೆ ಮೊದಲಿನಿಂದ ಶುರುಮಾಡಬೇಕು.