ರಕ್ತದ ವರದಿ ನೆಗೆಟಿವ್, ಸಿಎಸ್‌ಎಫ್ ಪಾಸಿಟಿವ್: ಮೊದಲ ಸೈಕೋಸಿಸ್‌ನ ಹಿಂದೆ ಅಡಗಿದ್ದ ಎನ್‌ಸೆಫಲೈಟಿಸ್

ಈ ವಾರದ ಕೇಸ್ ಚರ್ಚೆಯಲ್ಲಿ ನಾನು ಒಂದು ಕಡೆ ಪೂರ್ತಿ ಎಡವಿದೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಪ್ರಕರಣ ಬೋಧನೆಗೆಂದು ಹೆಣೆದದ್ದು.

22 ವರ್ಷದ ಯುವತಿ. ಹತ್ತು ದಿನದಿಂದ ನಿದ್ದೆಯಿಲ್ಲ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಅನ್ನುತ್ತಾಳೆ, ಧ್ವನಿಗಳು ಕೇಳುತ್ತವೆ. ಮೊದಲು ಇಂಥದ್ದೇನೂ ಇರಲಿಲ್ಲ, ಮನೆಯಲ್ಲೂ ಯಾರಿಗೂ ಇಲ್ಲ. ಶುರುವಾಗುವ ವಾರ ಮೊದಲು ಜ್ವರ, ತಲೆನೋವು ಬಂದು ಹೋಗಿತ್ತು. ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ ಶುರು ಮಾಡಿದರು. ಎರಡನೇ ರಾತ್ರಿ ಮೈ ಬಿಗಿಯಾಯಿತು, ಜ್ವರ 38.6 ಡಿಗ್ರಿ, ನಾಡಿ 130ಕ್ಕೆ ಏರಿ ಮತ್ತೆ 60ಕ್ಕೆ ಇಳಿಯುತ್ತಿತ್ತು. ಸಿಕೆ 1,400.

ನಾವೆಲ್ಲ ಎನ್‌ಎಂಎಸ್ ಅಂದೆವು. ಅದು ತಪ್ಪು ಊಹೆಯೇನಲ್ಲ, ಔಷಧಿ ನಿಲ್ಲಿಸಿದ್ದೂ ಸರಿಯೇ. ಆದರೆ ತಾಯಿ ಹೇಳಿದ ಮಾತು ಕೇಸ್ ಶೀಟಿನಲ್ಲೇ ಇತ್ತು: "ಎರಡು ದಿನದಿಂದ ಮಾತು ಕಡಿಮೆ ಮಾಡಿದ್ದಾಳೆ, ಸುಮ್ನೆ ಬಾಯಿ ಅಗಿಯುತ್ತಿರುತ್ತಾಳೆ." ಇದು ಮೊದಲ ಡೋಸ್‌ಗೂ ಮುಂಚಿನ ಸಂಗತಿ. ಔಷಧಿ ಕೊಡುವ ಮೊದಲೇ ಇದ್ದ ಚಲನೆಯನ್ನು ಔಷಧಿಯ ತಲೆಗೆ ಕಟ್ಟಲಾಗದು, ಅಲ್ವಾ? ಆ್ಯಂಟಿಸೈಕೋಟಿಕ್‌ಗೆ ಮೈ ಇಷ್ಟು ಕೆಟ್ಟದಾಗಿ ಪ್ರತಿಕ್ರಿಯಿಸುವುದೇ ಆಟೊಇಮ್ಯೂನ್ ಎನ್‌ಸೆಫಲೈಟಿಸ್‌ನ ಒಂದು ರೆಡ್ ಫ್ಲ್ಯಾಗ್. ಸೆಳೆತ, ಕ್ಯಾಟಟೋನಿಯಾ, ಎಚ್ಚರ ಮಂಕಾಗುವುದು, ಸೈಕೋಸಿಸ್‌ಗೆ ಹೊಂದದಷ್ಟು ಮರೆವು ಕೂಡ ಹಾಗೆಯೇ.

ಎಂಆರ್‌ಐ ನಾರ್ಮಲ್ ಬಂತು. ಆ್ಯಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್‌ನಲ್ಲಿ ಆರಂಭದ ಎಂಆರ್‌ಐ ಅರ್ಧಕ್ಕೂ ಹೆಚ್ಚು ಜನರಲ್ಲಿ ನಾರ್ಮಲ್ ಇರುತ್ತದೆ. ಇಇಜಿಯಲ್ಲಿ ಎರಡೂ ಬದಿ ನಿಧಾನ ಅಲೆಗಳು. ಲಂಬಾರ್ ಪಂಕ್ಚರ್‌ನಲ್ಲಿ 28 ಕೋಶ, ಹೆಚ್ಚಿನವು ಲಿಂಫೊಸೈಟ್, ಗ್ಲೂಕೋಸ್ ಸರಿಯಿತ್ತು. ಎಚ್‌ಎಸ್‌ವಿ ಪಿಸಿಆರ್ ನೆಗೆಟಿವ್ ಬರುವವರೆಗೆ ಅಸೈಕ್ಲೊವಿರ್ ಓಡುತ್ತಿತ್ತು.

ನಾನು ಎಡವಿದ್ದು ಇಲ್ಲಿ. ಮೊದಲು ಬಂದದ್ದು ರಕ್ತದ ಆ್ಯಂಟಿಬಾಡಿ ವರದಿ: ನೆಗೆಟಿವ್. "ಹಾಗಾದರೆ ಇದಲ್ಲ" ಅಂದುಬಿಟ್ಟೆ. ಆ್ಯಂಟಿಬಾಡಿ ರಕ್ತದಲ್ಲಿ ಹುಟ್ಟಿ ಮಿದುಳಿಗೆ ಸೋರುತ್ತದೆ, ಆದ್ದರಿಂದ ರಕ್ತದಲ್ಲೇ ಜಾಸ್ತಿ ಇರಬೇಕು ಅನ್ನುವುದು ನನ್ನ ತಲೆಯಲ್ಲಿದ್ದ ಚಿತ್ರ. ಆ ಚಿತ್ರವೇ ಅಪೂರ್ಣ. ಆ್ಯಂಟಿಬಾಡಿ ಮಾಡುವ ಕೋಶಗಳು ಮಿದುಳಿನ ಪೊರೆಗಳ ಒಳಗೂ ಸೇರಿಕೊಂಡು ಅಲ್ಲೇ ಅದನ್ನು ತಯಾರಿಸುತ್ತವೆ. ತಯಾರಾದದ್ದು ಮೊದಲು ಬೆರೆಯುವುದು ಸಿಎಸ್‌ಎಫ್‌ಗೆ. ರಕ್ತಕ್ಕೆ ಸೇರುವಷ್ಟರಲ್ಲಿ ಅದು ಲೀಟರ್‌ಗಟ್ಟಲೆ ದ್ರವದಲ್ಲಿ ತೆಳುವಾಗಿರುತ್ತದೆ. ಈ ಕಾಯಿಲೆಯಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರಿಗೆ ರಕ್ತ ನೆಗೆಟಿವ್, ಸಿಎಸ್‌ಎಫ್ ಮಾತ್ರ ಪಾಸಿಟಿವ್. ಈಕೆಯದ್ದೂ ಹಾಗೇ ಆಯಿತು.

ಇದರ ತಿರುಗುಮುರುಗೂ ಗೊತ್ತಿರಬೇಕು. ರಕ್ತದಲ್ಲಿ ಮಾತ್ರ ಸಣ್ಣ ಪ್ರಮಾಣದ ಪಾಸಿಟಿವ್ ಬಂದು, ಸಿಎಸ್‌ಎಫ್ ನೆಗೆಟಿವ್ ಇದ್ದು, ಚಿತ್ರ ಹೊಂದದಿದ್ದರೆ ಅದರ ಮೇಲೆ ರೋಗನಿರ್ಣಯ ಕಟ್ಟಬಾರದು. ಇನ್ನೊಂದು: ಐವಿಐಜಿ ಕೊಡುವ ಮೊದಲೇ ಎರಡೂ ಸ್ಯಾಂಪಲ್ ತೆಗೆದಿಡಿ. ದಾನಿಗಳ ಆ್ಯಂಟಿಬಾಡಿಗಳು ರಕ್ತಕ್ಕೆ ಸೇರಿದ ಮೇಲೆ ವರದಿಯನ್ನು ನಂಬುವುದು ಕಷ್ಟ.

ಹಾಗಿದ್ದರೆ ವರದಿ ಬರುವವರೆಗೆ ಕಾಯಬೇಕೇ? ಬೇಡ. 2016ರ ಮಾನದಂಡದಲ್ಲಿ ಆರು ಗುಂಪಿನ ಲಕ್ಷಣಗಳಿವೆ: ನಡವಳಿಕೆ ಅಥವಾ ಗ್ರಹಿಕೆಯ ಬದಲಾವಣೆ, ಮಾತಿನ ತೊಂದರೆ, ಸೆಳೆತ, ಅಸಹಜ ಚಲನೆ, ಎಚ್ಚರ ಕುಗ್ಗುವುದು, ಆಟೊನಾಮಿಕ್ ಏರುಪೇರು ಅಥವಾ ಉಸಿರಾಟ ಕುಗ್ಗುವುದು. ಮೂರು ತಿಂಗಳೊಳಗೆ ಬಿರುಸಾಗಿ ಶುರುವಾಗಿ ನಾಲ್ಕು ಗುಂಪು ಸೇರಿದರೆ, ಇಇಜಿ ಅಥವಾ ಸಿಎಸ್‌ಎಫ್ ಕೆಟ್ಟಿದ್ದರೆ, ಬೇರೆ ಕಾರಣಗಳನ್ನು ತಳ್ಳಿಹಾಕಿದ್ದರೆ, ಅದು "ಸಂಭವನೀಯ". ಈಕೆಯದ್ದು ಎಣಿಸಿ: ಭ್ರಮೆ, ಮಾತು ಕುಗ್ಗಿದ್ದು, ಬಾಯಿಯ ಚಲನೆ, ನಾಡಿಯ ಏರಿಳಿತ. ನಾಲ್ಕೂ ಇವೆ. ಆಮೇಲೆ ಬಂದ ಜ್ವರ, ಬಿಗಿತವನ್ನು ನಾನು ಎಣಿಸಿಲ್ಲ. ನಾಡಿಯ ಏರಿಳಿತಕ್ಕೆ ಎನ್‌ಎಂಎಸ್ ಕೂಡ ಕಾರಣವಾಗಬಹುದು ಎಂಬ ವಾದ ಚರ್ಚೆಯಲ್ಲಿ ಬಂತು. ಆ ಅನುಮಾನಕ್ಕೆ ಉತ್ತರ ಕೊಟ್ಟದ್ದು ಸಿಎಸ್‌ಎಫ್‌ನ ಕೋಶಗಳು. ಎನ್‌ಎಂಎಸ್‌ನಲ್ಲಿ ಲಿಂಫೊಸೈಟ್‌ಗಳು ಹೀಗೆ ಏರುವುದು ನಿರೀಕ್ಷಿತವಲ್ಲ.

ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ ಐದು ದಿನ, ಜೊತೆಗೆ ಐವಿಐಜಿ ಕಿಲೋಗೆ 0.4 ಗ್ರಾಂನಂತೆ ಐದು ದಿನ ಕೊಟ್ಟರು. ತಳಮಳಕ್ಕೆ ಲೊರಾಜೆಪಾಮ್. ಹೊಟ್ಟೆಯ ಕೆಳಭಾಗದ ಅಲ್ಟ್ರಾಸೌಂಡ್‌ನಲ್ಲಿ ಎಡ ಅಂಡಾಶಯದಲ್ಲಿ 4 ಸೆಂ.ಮೀ. ಗಡ್ಡೆ ಕಂಡಿತು, ಎಂಆರ್‌ಐ ಟೆರಟೋಮಾ ಎಂದಿತು. ಆ ಗಡ್ಡೆಯಲ್ಲಿ ನರಕೋಶದ ಅಂಶ ಇರುವುದರಿಂದ ದೇಹ ಅದರ ವಿರುದ್ಧ ಎದ್ದು ಮಿದುಳನ್ನೂ ಹೊಡೆಯುತ್ತದೆ. ಗಡ್ಡೆ ಉಳಿದರೆ ಔಷಧಿ ಸೋಲುವ ಸಾಧ್ಯತೆ ಹೆಚ್ಚು, ಆದ್ದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡಲಿಲ್ಲ. ಮೂರನೇ ವಾರ ಆಕೆ ಮೊದಲ ಬಾರಿ ತಾಯಿಯ ಹೆಸರು ಹೇಳಿದಳು. ನಿದ್ದೆ, ಗಮನ, ನೆನಪು ಸರಿಹೋಗಲು ತಿಂಗಳುಗಳೇ ಬೇಕಾದವು.